ಪೈ ಚಾರ್ಟ್ ಕೈಗೆ ಸಿಗದಿದ್ದಾಗ: ವರ್ಗ ಮತ್ತು ಅಂದಾಜು ಪಾಲು ಹೇಳಿ ವರದಿಯ ಸಾರಾಂಶ ಬರೆಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಚಾರ್ಟ್ ಒಬ್ಬರ ಮುಂದಿರುತ್ತದೆ, ಸಾರಾಂಶ ಬರೆಯುವವರು ಇನ್ನೊಬ್ಬರು. ಚಿತ್ರ ಕಳಿಸಲು ಆಗುವುದಿಲ್ಲ, ಕಳಿಸಿದರೂ ತೆರೆಯುವುದಿಲ್ಲ, ಇಲ್ಲವೇ ಜೆರಾಕ್ಸ್‌ನಲ್ಲಿ ಅಂಕಿಗಳೆಲ್ಲ ಮಸಿಯಾಗಿರುತ್ತವೆ. ಬರೆಯುವವರಿಗೆ ಕಣ್ಣು ಕಾಣದೇ ಇರಬಹುದು, ಅವರ ಸ್ಕ್ರೀನ್ ರೀಡರ್ "ಚಿತ್ರ" ಎಂದು ಹೇಳಿ ಸುಮ್ಮನಾಗಬಹುದು. ಇಂಥ ಹೊತ್ತಲ್ಲಿ ಬಾಯಿಮಾತಿನಲ್ಲೋ ವಾಟ್ಸಾಪ್ ಸಂದೇಶದಲ್ಲೋ ಚಾರ್ಟನ್ನು ದಾಟಿಸಬೇಕಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಾಗಿ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಕೇಂದ್ರ ಬಜೆಟ್ ಬಂದ ಮರುದಿನ ಪತ್ರಿಕೆಗಳಲ್ಲಿ ಕಾಣುವ "ರೂಪಾಯಿ ಬರುವುದೆಲ್ಲಿಂದ, ಹೋಗುವುದೆಲ್ಲಿಗೆ" ಚಿತ್ರ. ಅದರ ನಿಜವಾದ ಅಂಕಿ ಎಲ್ಲರಿಗೂ ಸಿಗುತ್ತದೆ. ಹಾಗಾಗಿ ಅಂದಾಜು ಎಷ್ಟು ಸರಿಯಾಯಿತು ಅಂತ ತಾಳೆ ನೋಡಬಹುದು.

ಚಾರ್ಟ್ ನೋಡುವವರು ಕನಿಷ್ಠ ಏನೇನು ಹೇಳಬೇಕು?

ಮೊದಲು ಹೇಳಬೇಕಾದದ್ದು ತುಂಡುಗಳ ಗಾತ್ರವಲ್ಲ, ಇಡೀ ವೃತ್ತ ಯಾವುದು ಅನ್ನೋದು. ಯಾವುದರ ನೂರು ಭಾಗ ಇದು? ಮನೆಗಳೋ, ಜನರೋ, ರೂಪಾಯಿಯೋ? ಯಾವ ವರ್ಷದ್ದು? ಇದೊಂದು ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದರೂ ಸಾರಾಂಶ ತಪ್ಪುತ್ತದೆ. ಹೇಗೆ ಅಂತ ಮುಂದೆ ಬಜೆಟ್ ಲೆಕ್ಕದಲ್ಲೇ ತೋರಿಸುತ್ತೇನೆ.

ಆಮೇಲೆ ಒಟ್ಟು ಎಷ್ಟು ತುಂಡು ಅಂತ ಹೇಳಿ. "ಒಂಬತ್ತು ತುಂಡು ಇವೆ" ಎಂದರೆ ಬರೆಯುವವರು ಒಂಬತ್ತು ಸಾಲು ಬಿಟ್ಟುಕೊಂಡು ಕೂರುತ್ತಾರೆ. ಎಂಟೇ ಹೆಸರು ಬಂದರೆ ಒಂದು ಬಿಟ್ಟುಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪ್ರತಿ ವರ್ಗದ ಹೆಸರು ಮತ್ತು ಅಂದಾಜು ಪಾಲು. ಹೆಸರನ್ನು ಚಾರ್ಟಿನಲ್ಲಿ ಇರುವ ಹಾಗೇ ಓದಿ, ನಿಮ್ಮ ಮಾತಿಗೆ ತಿರುಗಿಸಬೇಡಿ. "ಕೇಂದ್ರ ವಲಯದ ಯೋಜನೆಗಳು" ಮತ್ತು "ಕೇಂದ್ರ ಪ್ರಾಯೋಜಿತ ಯೋಜನೆಗಳು" ಎರಡೂ ಬಜೆಟ್ ಚಿತ್ರದಲ್ಲಿ ಬೇರೆ ಬೇರೆ ತುಂಡುಗಳು. ಮೊದಲನೆಯದಕ್ಕೆ ಪೂರ್ತಿ ದುಡ್ಡು ಕೇಂದ್ರದ್ದು, ಎರಡನೆಯದರಲ್ಲಿ ರಾಜ್ಯಗಳೂ ಪಾಲು ಹಾಕುತ್ತವೆ. ಫೋನಿನಲ್ಲಿ "ಕೇಂದ್ರದ ಯೋಜನೆ" ಎಂದುಬಿಟ್ಟರೆ ಎರಡೂ ಕಲಸಿಹೋಗುತ್ತವೆ.

ಬಣ್ಣ ಹೇಳಬೇಕಾಗಿಲ್ಲ. ಬರೆಯುವವರಿಗೆ ನೀಲಿ, ಹಸಿರು ಕಟ್ಟಿಕೊಂಡು ಏನಾಗಬೇಕು? ಬಣ್ಣ ಬೇಕಾಗುವುದು ನಿಮಗೆ, ಪಕ್ಕದ ಸೂಚಿಯಲ್ಲಿರುವ ಹೆಸರನ್ನು ತುಂಡಿಗೆ ಹೊಂದಿಸಲು.

ಅಂಕಿ ಬರೆದಿಲ್ಲ, ಬರೀ ತುಂಡುಗಳಿವೆ. ಪಾಲು ಅಂದಾಜು ಮಾಡುವುದು ಹೇಗೆ?

ವೃತ್ತವನ್ನು ಗೋಡೆ ಗಡಿಯಾರ ಅಂದುಕೊಳ್ಳಿ. ಪೂರ್ತಿ ಸುತ್ತು 60 ನಿಮಿಷ, ಅಂದರೆ ನೂರು ಭಾಗ. 15 ನಿಮಿಷ ಎಂದರೆ ಕಾಲು, 6 ನಿಮಿಷ ಎಂದರೆ ಹತ್ತು, 3 ನಿಮಿಷ ಎಂದರೆ ಐದು. ಒಂದೊಂದು ನಿಮಿಷಕ್ಕೆ ಸುಮಾರು 1.7 ಭಾಗ. ಕೋನಮಾಪಕ ಇದ್ದರೆ 3.6 ಡಿಗ್ರಿಗೆ ಒಂದು ಭಾಗ, ಆದರೆ ಅದು ಯಾರ ಮೇಜಿನ ಮೇಲೂ ಇರುವುದಿಲ್ಲ. ಗಡಿಯಾರ ಎಲ್ಲರ ತಲೆಯಲ್ಲೂ ಇದೆ.

ಇಲ್ಲಿ ಮುಖ್ಯವಾದ ಒಂದು ವಿಷಯವಿದೆ. ತುಂಡಿನ ಅಗಲ ನೋಡಿ "ಇದು ಹತ್ತು ನಿಮಿಷ ಇರಬಹುದು" ಅಂತ ಒಂದೊಂದನ್ನೇ ಅಳೆಯಬೇಡಿ. ಗಡಿಗಳನ್ನು ಓದಿ. ಮೊದಲ ಗೆರೆ ಎಷ್ಟು ನಿಮಿಷದ ಮೇಲಿದೆ, ಎರಡನೆಯದು ಎಷ್ಟರ ಮೇಲಿದೆ, ಹೀಗೆ ಒಂದು ಸುತ್ತು ಬನ್ನಿ. ಒಂದೊಂದೇ ತುಂಡು ಅಳೆದರೆ ಸಣ್ಣ ಸಣ್ಣ ತಪ್ಪುಗಳು ಕೂಡಿ ಮೊತ್ತ 108 ಆಗಬಹುದು, 93 ಆಗಬಹುದು. ಗಡಿ ಓದಿದರೆ ಕೊನೆಯ ಗೆರೆ 60ರಲ್ಲೇ ಮುಗಿಯುತ್ತದೆ, ಹಾಗಾಗಿ ಮೊತ್ತ ತಾನಾಗಿ ನೂರಕ್ಕೆ ಕೂಡಿಕೊಳ್ಳುತ್ತದೆ. ಒಂದು ಗಡಿ ಸ್ವಲ್ಪ ಆಚೀಚೆ ಆದರೂ ಒಂದು ತುಂಡು ಕಳೆದುಕೊಂಡದ್ದು ಪಕ್ಕದ್ದಕ್ಕೆ ಸೇರುತ್ತದೆ ಅಷ್ಟೆ. ತಪ್ಪು ಸುತ್ತೆಲ್ಲ ಹರಡುವುದಿಲ್ಲ.

ಒಂದು ಚಾರ್ಟ್ ಹಿಡಿದು ಪೂರ್ತಿ ಮಾಡಿ ತೋರಿಸುತ್ತೀರಾ?

2025-26ರ ಕೇಂದ್ರ ಬಜೆಟ್ಟಿನ "ರೂಪಾಯಿ ಹೋಗುವುದೆಲ್ಲಿಗೆ" ಚಿತ್ರ ತೆಗೆದುಕೊಳ್ಳೋಣ. ಪೈಸೆ ಅಂಕಿಗಳು ಅಳಿಸಿಹೋಗಿವೆ ಅಂತ ಇಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ 12 ಗಂಟೆಯಿಂದ ಶುರುಮಾಡಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದೇನೆ.

ಗೆರೆಗಳು ಕಾಣುವುದು ಹೆಚ್ಚುಕಡಿಮೆ ಹೀಗೆ: 13, 25, 35, 40, 44, 49, 54, ಐವತ್ತೇಳೂವರೆ, ಕೊನೆಗೆ 60. ಒಂದರಿಂದ ಒಂದು ಕಳೆದರೆ ಸಿಗುವ ನಿಮಿಷಗಳು 13, 12, 10, 5, 4, 5, 5, ಮೂರೂವರೆ, ಎರಡೂವರೆ. ಇವನ್ನು ನೂರಕ್ಕೆ ತಿರುಗಿಸಿದರೆ 22, 20, 17, 8, 7, 8, 8, 6, 4. ಕೂಡಿ ನೋಡಿ, ಸರಿಯಾಗಿ 100.

ಈಗ ಈ ಸಂದೇಶ ಕಳಿಸಿ:

"2025-26 ಕೇಂದ್ರ ಬಜೆಟ್. ಒಂದು ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬ ಚಿತ್ರ. ಒಟ್ಟು ಒಂಬತ್ತು ತುಂಡು. ಅಂಕಿ ಓದಲು ಬರುತ್ತಿಲ್ಲ, ಎಲ್ಲವೂ ಕಣ್ಣಂದಾಜು. ರಾಜ್ಯಗಳ ತೆರಿಗೆ ಪಾಲು ಸುಮಾರು 22. ಬಡ್ಡಿ ಪಾವತಿ ಸುಮಾರು 20. ಈ ಎರಡರಲ್ಲಿ ಮೊದಲನೆಯದು ತುಸು ದೊಡ್ಡದು ಅನಿಸುತ್ತೆ, ಖಾತ್ರಿ ಇಲ್ಲ. ಕೇಂದ್ರ ವಲಯದ ಯೋಜನೆಗಳು 16–17, ಇದು ಮೂರನೆಯದು, ಖಾತ್ರಿ. ಕೇಂದ್ರ ಪ್ರಾಯೋಜಿತ ಯೋಜನೆಗಳು, ರಕ್ಷಣೆ, ಹಣಕಾಸು ಆಯೋಗ ಮತ್ತು ಇತರ ವರ್ಗಾವಣೆ, ಇತರ ವೆಚ್ಚ – ಈ ನಾಲ್ಕೂ ಹತ್ತಿರ ಹತ್ತಿರ ಒಂದೇ ಗಾತ್ರ, ತಲಾ 7–8. ಸಬ್ಸಿಡಿ ಸುಮಾರು 6. ಪಿಂಚಣಿ ಎಲ್ಲಕ್ಕಿಂತ ಚಿಕ್ಕದು, ಸುಮಾರು 4."

ನಿಜವಾದ ಪೈಸೆ ಅಂಕಿಗಳು ಇದೇ ಕ್ರಮದಲ್ಲಿ 22, 20, 16, 8, 8, 8, 8, 6, 4. ಅಂದಾಜು ತಪ್ಪಿದ್ದು ಎರಡೇ ಕಡೆ, ಅದೂ ಒಂದೊಂದು ಪೈಸೆ. ಸಂದೇಶದಲ್ಲಿ 17 ಎಂದು ಬಿಡದೆ "16–17" ಎಂದದ್ದು, ನಾಲ್ಕರಲ್ಲಿ ಒಂದನ್ನು ಮಾತ್ರ 7 ಎಂದು ಬೇರೆಮಾಡದೆ "ತಲಾ 7–8" ಎಂದದ್ದು ಇಲ್ಲಿ ಕೆಲಸಕ್ಕೆ ಬಂತು. ಅಳತೆಯಲ್ಲಿ ಒಂದು ತುಂಡು 4 ನಿಮಿಷ, ಉಳಿದವು 5 ನಿಮಿಷ ಬಂದಿದ್ದವು ನಿಜ. ಆದರೆ ಒಂದು ನಿಮಿಷದ ವ್ಯತ್ಯಾಸ ಕಣ್ಣಿನ ತಪ್ಪೂ ಆಗಿರಬಹುದು. ಅದನ್ನು ನಂಬಿ "ರಕ್ಷಣೆಗೆ ನಾಲ್ಕರಲ್ಲೇ ಕಡಿಮೆ" ಎಂದು ಬರೆದಿದ್ದರೆ ಇಲ್ಲದ ಸುದ್ದಿ ಹುಟ್ಟಿಬಿಡುತ್ತಿತ್ತು.

ಈ ಸಂದೇಶದಿಂದ ಸಾರಾಂಶ ಬರೆಯುವುದು ಹೇಗೆ?

ಅಂದಾಜು ಎರಡು ಭಾಗ ಆಚೀಚೆ ಆದರೂ ಸುಳ್ಳಾಗದ ಮಾತುಗಳನ್ನು ಮಾತ್ರ ಆರಿಸಿಕೊಳ್ಳಿ. ಈ ಸಂದೇಶದಿಂದ ಹೀಗೊಂದು ಪ್ಯಾರಾ ಬರುತ್ತದೆ:

"2025-26ರ ಬಜೆಟ್ ಪ್ರಕಾರ ಪ್ರತಿ ರೂಪಾಯಿಯಲ್ಲಿ ಸುಮಾರು 40 ಪೈಸೆ ಎರಡೇ ಬಾಬ್ತಿಗೆ ಹೋಗುತ್ತದೆ: ರಾಜ್ಯಗಳ ತೆರಿಗೆ ಪಾಲು ಮತ್ತು ಹಳೆಯ ಸಾಲದ ಬಡ್ಡಿ. ಇವೆರಡೂ ಹೆಚ್ಚುಕಡಿಮೆ ಸಮ. ಕೇಂದ್ರ ವಲಯದ ಯೋಜನೆಗಳು ಮೂರನೆಯ ಸ್ಥಾನದಲ್ಲಿವೆ. ರಕ್ಷಣೆಯೂ ಸೇರಿ ನಾಲ್ಕು ಬಾಬ್ತುಗಳು ಹತ್ತಿರ ಹತ್ತಿರ ಒಂದೇ ಗಾತ್ರದವು, ಒಟ್ಟಾಗಿ ಮೂರನೇ ಒಂದು ಪಾಲಿನಷ್ಟು. ಸಬ್ಸಿಡಿ ಮತ್ತು ಪಿಂಚಣಿ ಸೇರಿ ಹತ್ತನೇ ಒಂದು ಪಾಲು. (ಪಾಲುಗಳು ಚಿತ್ರ ನೋಡಿ ಮಾಡಿದ ಅಂದಾಜು.)"

ಇದರಲ್ಲಿ ಒಂದು ವಾಕ್ಯವೂ ನಿಜ ಅಂಕಿ ಬಂದ ಮೇಲೆ ಬದಲಾಗಬೇಕಿಲ್ಲ. ಗಮನಿಸಿ, ಮೊದಲ ಎರಡು ತುಂಡು ಸೇರಿಸಿ 40 ಪೈಸೆ ಎನ್ನುವುದು ಅವೆರಡರ ನಡುವಿನ ಗಡಿಯನ್ನು ನಂಬಿಕೊಂಡಿಲ್ಲ. ಪಕ್ಕಪಕ್ಕದ ತುಂಡುಗಳನ್ನು ಕೂಡಿಸಿ ಹೇಳುವ ಲಾಭ ಇದೇ, ನಡುವಿನ ಗೆರೆಯ ತಪ್ಪು ಲೆಕ್ಕದಿಂದ ಹೊರಗೆ ಹೋಗುತ್ತದೆ. ನಾಲ್ಕು ಸಮ ತುಂಡುಗಳ ಕಥೆಯೂ ಅದೇ.

ದಶಾಂಶ ಮಾತ್ರ ಬೇಡವೇ ಬೇಡ. 13 ನಿಮಿಷವನ್ನು ಕ್ಯಾಲ್ಕುಲೇಟರ್‌ಗೆ ಹಾಕಿದರೆ 21.67 ಅಂತ ತೋರಿಸುತ್ತದೆ. ಅದನ್ನು ವರದಿಯಲ್ಲಿ ಹಾಕಿದರೆ ಓದುವವರು ಎಲ್ಲೋ ಕೋಷ್ಟಕದಿಂದ ತೆಗೆದ ಅಂಕಿ ಅಂದುಕೊಳ್ಳುತ್ತಾರೆ.

ಎಲ್ಲದಕ್ಕೂ "ಸುಮಾರು ಕಾಲು ಭಾಗ" ಎಂದರೆ ಸಾಕಲ್ವಾ?

ಒಂದೇ ಚಾರ್ಟ್ ಆದರೆ ಎಷ್ಟೋ ಸಲ ಸಾಕು. ಎರಡು ವರ್ಷದ ಚಾರ್ಟ್ ಹೋಲಿಸುವಾಗ ಸಾಲದು.

"ರೂಪಾಯಿ ಬರುವುದೆಲ್ಲಿಂದ" ಚಿತ್ರದಲ್ಲಿ ಸಾಲ ಮತ್ತು ಇತರ ಹೊಣೆಗಳ ತುಂಡು 2024-25ರ ಬಜೆಟ್ಟಿನಲ್ಲಿ 27 ಪೈಸೆ ಇತ್ತು. 2025-26ರಲ್ಲಿ 24. ಎರಡನ್ನೂ "ಸುಮಾರು ಕಾಲು ಭಾಗ" ಎಂದು ಹೇಳಿದರೆ ತಪ್ಪೇನಲ್ಲ, ಆದರೆ ಆ ಎರಡು ಚಿತ್ರಗಳ ನಡುವಿನ ದೊಡ್ಡ ಬದಲಾವಣೆಯೇ ಮಾಯವಾಯಿತು. ಕಾಲು ಭಾಗ ಎಂದರೆ ಕಣ್ಣು ತುಂಬಾ ಚೆನ್ನಾಗಿ ಗುರುತಿಸುವ ಗೆರೆ, 12ರಿಂದ 3 ಗಂಟೆಗೆ ನೇರ ಮೂಲೆ. ಪುಸ್ತಕದ ಮೂಲೆಯನ್ನು ಚಿತ್ರದ ಮೇಲಿಟ್ಟರೂ ಗೊತ್ತಾಗುತ್ತದೆ. ಹಾಗಾಗಿ ಆ ಗೆರೆ ದಾಟಿದೆಯೋ ಮುಟ್ಟಿಲ್ಲವೋ ಅಂತ ಹೇಳಿ: "ಮೊದಲ ವರ್ಷ ಕಾಲು ದಾಟಿ ಸ್ವಲ್ಪ ಮುಂದೆ, ಎರಡನೆಯ ವರ್ಷ ಕಾಲಿಗೆ ಸ್ವಲ್ಪ ಕಡಿಮೆ." ಇಷ್ಟು ಹೇಳಿದರೆ ಬರೆಯುವವರಿಗೆ "ಪಾಲು ಇಳಿದಿದೆ" ಎನ್ನುವ ವಾಕ್ಯ ಸಿಕ್ಕಿತು. ಅರ್ಧಕ್ಕೂ ಇದೇ ದಾರಿ. ಅರ್ಧ ದಾಟಿದೆಯೋ ಇಲ್ಲವೋ ಎಂಬುದು ಬಹುಮತದ ಪ್ರಶ್ನೆಯಾದರೆ ಅದನ್ನು ಎರಡು ಸಲ ನೋಡಿ ಹೇಳಿ.

ಕಾಲು, ಅರ್ಧ, ಮುಕ್ಕಾಲಿನ ಹತ್ತಿರ ಇಲ್ಲದ ತುಂಡುಗಳಲ್ಲಿ ಕಣ್ಣು ಅಷ್ಟು ಚುರುಕಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದೂ ಇದೇ ದಿಕ್ಕಿನದು: ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಜನ ಓದುವಷ್ಟು ಸರಿಯಾಗಿ ಕೋನವನ್ನು ಓದುವುದಿಲ್ಲ. ಪೈ ಚಾರ್ಟ್ ಹುಟ್ಟಿದ್ದು 1801ರಲ್ಲಿ, ವಿಲಿಯಂ ಪ್ಲೇಫೇರ್ ಕೈಯಲ್ಲಿ. ಇಷ್ಟು ವರ್ಷವಾದರೂ ಅದರ ಈ ತೊಂದರೆ ಹೋಗಿಲ್ಲ.

27ರಿಂದ 24ಕ್ಕೆ ಇಳಿದರೆ "ಸಾಲ ಶೇ 3ರಷ್ಟು ಕಡಿಮೆಯಾಗಿದೆ" ಎಂದು ಬರೆಯಬಹುದಾ?

ಬೇಡ. ಕಡಿಮೆಯಾದದ್ದು ಪಾಲು, ಅದೂ ನೂರರಲ್ಲಿ 3 ಅಂಶ. 27ಕ್ಕೆ ಹೋಲಿಸಿದರೆ ಆ ಇಳಿಕೆ ಒಂಬತ್ತನೇ ಒಂದು ಪಾಲು, ಅಂದರೆ ಶೇ 11. ಇನ್ನು ದುಡ್ಡಿನ ಲೆಕ್ಕ ಬೇರೆಯೇ. ಬಜೆಟ್ ಅಂದಾಜಿನ ವಿತ್ತೀಯ ಕೊರತೆ, ಅಂದರೆ ಈ ಸಾಲದಿಂದ ತುಂಬಿಕೊಳ್ಳಬೇಕಾದ ಮೊತ್ತ, 2024-25ರಲ್ಲಿ 16.13 ಲಕ್ಷ ಕೋಟಿ ರೂಪಾಯಿ, 2025-26ರಲ್ಲಿ 15.69 ಲಕ್ಷ ಕೋಟಿ. ಇಳಿಕೆ ಶೇ 3ಕ್ಕಿಂತ ಸ್ವಲ್ಪ ಕಡಿಮೆ. ಪಾಲು ಇಷ್ಟು ಜಾಸ್ತಿ ಕುಗ್ಗಿದಂತೆ ಕಂಡದ್ದಕ್ಕೆ ಮುಖ್ಯ ಕಾರಣ ಇಡೀ ವೃತ್ತವೇ ದೊಡ್ಡದಾದದ್ದು. ಆದರೆ ಕಾಗದದ ಮೇಲೆ ಎರಡೂ ವೃತ್ತ ಒಂದೇ ಅಳತೆಯಲ್ಲಿ ಅಚ್ಚಾಗಿರುತ್ತವೆ.

ಹಾಗಾಗಿ ಎರಡು ಪೈ ಚಾರ್ಟ್ ಮಾತ್ರ ಕೈಯಲ್ಲಿದ್ದರೆ "ಪಾಲು ಇಳಿದಿದೆ" ಎನ್ನುವಲ್ಲಿಗೆ ನಿಲ್ಲಿಸಿ. "ಸಾಲ ಇಳಿದಿದೆ" ಎನ್ನಲು ಮೊತ್ತ ಬೇಕು.

ಒಟ್ಟು ಮೊತ್ತ ಗೊತ್ತಿದ್ದರೆ ಪಾಲಿನಿಂದ ಗುಣಿಸಿ ರೂಪಾಯಿ ಲೆಕ್ಕ ಕೊಡಬಹುದಾ?

ಕೊಡಬಹುದು, ಆ ಮೊತ್ತ ಅದೇ ವೃತ್ತದ್ದು ಅಂತ ಖಾತ್ರಿ ಇದ್ದರೆ ಮಾತ್ರ. ಬಜೆಟ್ ಚಿತ್ರದಲ್ಲಿ ತುಂಬಾ ಜನ ಎಡವುವುದು ಇಲ್ಲೇ.

2025-26ರ ಬಜೆಟ್ ಗಾತ್ರ 50.65 ಲಕ್ಷ ಕೋಟಿ ರೂಪಾಯಿ ಅಂತ ಎಲ್ಲ ಪತ್ರಿಕೆಯಲ್ಲೂ ಬಂತು. ಸಾಲದ ತುಂಡು 24 ಪೈಸೆ ಅಂತ ಅದರ ಶೇ 24 ತೆಗೆದರೆ 12.16 ಲಕ್ಷ ಕೋಟಿ. ಆದರೆ ಕೊರತೆ 15.69 ಲಕ್ಷ ಕೋಟಿ ಅಂತ ಅದೇ ಬಜೆಟ್ ಹೇಳುತ್ತದೆ. ಮೂರೂವರೆ ಲಕ್ಷ ಕೋಟಿ ಎಲ್ಲಿ ಹೋಯಿತು?

ಚಿತ್ರದ ಒಂದು ರೂಪಾಯಿ ಎಂದರೆ 50.65 ಲಕ್ಷ ಕೋಟಿ ಅಲ್ಲ. ಖರ್ಚಿನ ಚಿತ್ರದಲ್ಲಿ ರಾಜ್ಯಗಳ ತೆರಿಗೆ ಪಾಲೂ ಒಂದು ತುಂಡಾಗಿ ಇದೆ, ನೆನಪಿದೆಯಲ್ಲ? ಕೇಂದ್ರದ 50.65 ಲಕ್ಷ ಕೋಟಿಯ ವೆಚ್ಚದಲ್ಲಿ ಅದು ಸೇರುವುದಿಲ್ಲ, ಸಂಗ್ರಹವಾದ ತೆರಿಗೆಯಿಂದ ಮೊದಲೇ ರಾಜ್ಯಗಳಿಗೆ ಹೋಗುತ್ತದೆ. ಆ ಸುಮಾರು 14.22 ಲಕ್ಷ ಕೋಟಿ ಕೂಡಿಸಿದರೆ ವೃತ್ತದ ನಿಜವಾದ ಗಾತ್ರ ಸುಮಾರು 65 ಲಕ್ಷ ಕೋಟಿ. ಅದರ ಶೇ 24 ಎಂದರೆ 15.6 ಲಕ್ಷ ಕೋಟಿ. ಈಗ ತಾಳೆಯಾಯಿತು.

ಚಾರ್ಟಿನ ಕೆಳಗೆ ಸಣ್ಣಕ್ಷರದಲ್ಲಿ ಅಡಿಟಿಪ್ಪಣಿ ಇದ್ದರೆ ಅದನ್ನೂ ಓದಿ ಕಳಿಸಿ ಎಂದು ಹೇಳುವುದು ಇದಕ್ಕೇ. "ಎಂಥದೋ ಬರೆದಿದ್ದಾರೆ, ಮುಖ್ಯ ಅಲ್ಲ" ಅಂತ ಬಿಟ್ಟ ಸಾಲಲ್ಲೇ ಎಷ್ಟೋ ಸಲ ಈ ವಿಷಯ ಇರುತ್ತದೆ.

ಮೂರು ಆಯಾಮದ, ವಾಲಿಸಿದ ಪೈ ಚಾರ್ಟ್ ಆದರೆ?

ನನಗೆ ಇವುಗಳ ಮೇಲೆ ಸ್ವಲ್ಪ ಕೋಪವೇ ಇದೆ. ವಾಲಿಸಿದಾಗ ವೃತ್ತ ಮೊಟ್ಟೆಯಾಕಾರವಾಗುತ್ತದೆ, ಗಡಿಯಾರದ ನಿಮಿಷಗಳು ಸಮವಾಗಿ ಉಳಿಯುವುದಿಲ್ಲ. 3 ಮತ್ತು 9 ಗಂಟೆಯ ಕಡೆಗಿರುವ ತುಂಡುಗಳ ಕೋನ ಕಿರಿದಾಗಿ ಕಾಣುತ್ತದೆ, 12 ಮತ್ತು 6ರ ಕಡೆಯವು ಅಗಲವಾಗುತ್ತವೆ. ಅದರ ಮೇಲೆ ಮುಂದಿರುವ ತುಂಡಿಗೆ ದಪ್ಪ ಅಂಚು ಬೇರೆ. ಕಣ್ಣು ಆ ಅಂಚನ್ನೂ ಸೇರಿಸಿ ನೋಡುತ್ತದೆ, ಹಾಗಾಗಿ ಅದು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಂದು ಸಮಾಧಾನ ಇದೆ. ಚಿತ್ರವನ್ನು ನೇರವಾಗಿ ಹಿಂದಕ್ಕೆ ವಾಲಿಸಿದ್ದರೆ 12, 3, 6, 9ರ ಗೆರೆಗಳು ಹೆಚ್ಚುಕಡಿಮೆ ತಮ್ಮ ಜಾಗದಲ್ಲೇ ಇರುತ್ತವೆ. ಕಾಲು ದಾಟಿದೆಯೋ, ಅರ್ಧ ದಾಟಿದೆಯೋ ಎನ್ನುವಷ್ಟನ್ನು ಹೇಳಬಹುದು. ನಡುವಿನ ಗಡಿಗಳಿಗೆ ಐದರ ಲೆಕ್ಕದಲ್ಲಿ ಹೇಳಿ, "10ರಿಂದ 15ರೊಳಗೆ" ಎಂಬಂತೆ. ಸಂದೇಶದಲ್ಲಿ "ವಾಲಿಸಿದ ಚಿತ್ರ" ಎಂದು ಸೇರಿಸಿ. ಬರೆಯುವವರು ಅಷ್ಟರ ಮಟ್ಟಿಗೆ ಹುಷಾರಾಗುತ್ತಾರೆ.

ನಡುವೆ ತೂತಿರುವ ಡೋನಟ್ ಚಾರ್ಟಿಗೆ ಬೇರೆ ನಿಯಮ ಇಲ್ಲ. ಹೊರ ಅಂಚಿನ ಮೇಲೆ ಗೆರೆಗಳನ್ನು ಓದಿ.

ಸೂಚಿಯ ಬಣ್ಣಗಳೆಲ್ಲ ಒಂದೇ ಥರ ಕಾಣುತ್ತಿವೆ. ಯಾವ ಹೆಸರು ಯಾವ ತುಂಡಿಗೆ?

ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಇದು ದಿನಾ ಇರುವ ಗೋಳು. ಎಕ್ಸೆಲ್‌ನಲ್ಲಿ ಮಾಡಿದ ಚಾರ್ಟ್ ಆದರೆ ಒಂದು ದಾರಿ ಇದೆ. ಅದು ಸಾಮಾನ್ಯವಾಗಿ 12 ಗಂಟೆಯಿಂದ ಶುರುಮಾಡಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಶೀಟಿನ ಸಾಲುಗಳ ಕ್ರಮದಲ್ಲೇ ತುಂಡು ಹಾಕುತ್ತದೆ. ಸೂಚಿಯೂ ಅದೇ ಕ್ರಮದಲ್ಲಿರುತ್ತದೆ. ಆದರೆ ಯಾರಾದರೂ ಚಾರ್ಟನ್ನು ತಿರುಗಿಸಿದ್ದರೆ ಶುರುವಾಗುವ ಜಾಗ ಬದಲಾಗುತ್ತದೆ. ಪೈಥಾನ್‌ನಲ್ಲಿ ಚಾರ್ಟ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್, ನಾವೇನೂ ಬದಲಿಸದಿದ್ದರೆ, 3 ಗಂಟೆಯಿಂದ ಶುರುಮಾಡಿ ಉಲ್ಟಾ ದಿಕ್ಕಿನಲ್ಲಿ ಹೋಗುತ್ತದೆ. ಚಾರ್ಟ್ ಯಾವುದರಲ್ಲಿ ಮಾಡಿದ್ದು ಅಂತ ಗೊತ್ತಿಲ್ಲದಿದ್ದರೆ ಊಹೆ ಮಾಡಬೇಡಿ. ಖಚಿತವಾಗಿ ಗೊತ್ತಿರುವ ತುಂಡುಗಳನ್ನು ಹೆಸರು ಹೇಳಿ ಕೊಡಿ. ನೀರಿನ ಮೂಲಗಳ ಚಾರ್ಟ್ ಆಗಿದ್ದರೆ ಉಳಿದದ್ದನ್ನು "ಇನ್ನೂ ಎರಡು ತುಂಡು ಇವೆ, ಸುಮಾರು 12 ಮತ್ತು 9. ಒಂದು ಕೊಳವೆಬಾವಿ, ಒಂದು ಕೆರೆ. ಯಾವುದು ಯಾವುದೋ ಗೊತ್ತಾಗುತ್ತಿಲ್ಲ" ಎಂದು ಕೊಡಿ. ಸಾರಾಂಶದಲ್ಲಿ "ಕೊಳವೆಬಾವಿ ಮತ್ತು ಕೆರೆ ಸೇರಿ ಐದನೇ ಒಂದು ಪಾಲು" ಎಂದು ಬರೆಯಲು ಅಷ್ಟು ಸಾಕು.

ಅಂಕಿಗಳು ಇವೆ, ಆದರೆ ಕೂಡಿದರೆ 101 ಬರುತ್ತದೆ. ನಾನು ಸರಿಪಡಿಸಲಾ?

ಬೇಡ. 99, 101 ಬರುವುದು ದಶಾಂಶ ಬಿಟ್ಟು ಪೂರ್ಣಾಂಕ ಮಾಡಿದ್ದರಿಂದ. ಇರುವ ಹಾಗೇ ಕಳಿಸಿ, "ಮೊತ್ತ 101" ಎಂದು ಒಂದು ಮಾತು ಸೇರಿಸಿ.

140 ಬಂದರೆ ಅದು ಬೇರೆ ಕಾಯಿಲೆ. "ನಿಮ್ಮ ಮನೆಗೆ ನೀರು ಎಲ್ಲೆಲ್ಲಿಂದ?" ಎಂದು ಕೇಳಿದಾಗ ಒಂದು ಮನೆಯವರು ನಲ್ಲಿ, ಬಾವಿ ಎರಡನ್ನೂ ಹೇಳುತ್ತಾರೆ. ನೂರರಲ್ಲಿ 80 ಮನೆ ನಲ್ಲಿ, 60 ಮನೆ ಬಾವಿ ಎಂದಿದ್ದರೆ ಮೊತ್ತ 140. ಅಂಥದ್ದಕ್ಕೆ ಪೈ ಚಾರ್ಟ್ ಹಾಕಬಾರದು, ಆದರೆ ಎಕ್ಸೆಲ್ ತಕರಾರಿಲ್ಲದೆ ಹಾಕಿಕೊಡುತ್ತದೆ. ಶೇಕಡಾ ತೋರಿಸು ಎಂದರೆ ನಲ್ಲಿ 57, ಬಾವಿ 43 ಅಂತ ತೋರಿಸಿ ಎಲ್ಲ ಸರಿ ಇರುವಂತೆ ಮಾಡಿಬಿಡುತ್ತದೆ. ಆಗ ಮೊತ್ತ ನೋಡಿ ಪತ್ತೆ ಮಾಡುವುದಕ್ಕೂ ಆಗುವುದಿಲ್ಲ. ಪ್ರಶ್ನೆಯ ಮಾತನ್ನೇ ನೋಡಬೇಕು. "ಯಾವ ಯಾವ", "ಎಲ್ಲೆಲ್ಲಿ", "ಅನ್ವಯಿಸುವ ಎಲ್ಲವನ್ನೂ ಗುರುತಿಸಿ" ಎಂದಿದ್ದರೆ ಬರೆಯುವವರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ "ಶೇ 57 ಮನೆಗಳಿಗೆ ಮಾತ್ರ ನಲ್ಲಿ ನೀರು" ಅಂತ ವರದಿಯಲ್ಲಿ ಬಂದುಬಿಡುತ್ತದೆ. ನಿಜ 80.

"ಇತರೆ" ತುಂಡು ದೊಡ್ಡದಾಗಿದೆ. ಅದನ್ನು ಬಿಟ್ಟು ಹೇಳಲಾ?

ಬಿಡಬೇಡಿ. ಬಿಟ್ಟರೆ ಉಳಿದವು ನೂರಕ್ಕೆ ಕೂಡುವುದಿಲ್ಲ, ಬರೆಯುವವರು ಯಾವುದೋ ಹೆಸರು ತಪ್ಪಿದೆ ಅಂದುಕೊಂಡು ಮತ್ತೆ ಫೋನ್ ಮಾಡುತ್ತಾರೆ. "ಇತರೆ" ಎರಡನೆಯ ದೊಡ್ಡ ತುಂಡಾದರೂ ಸಾರಾಂಶದಲ್ಲಿ ಅದಕ್ಕೆ ಎರಡನೆಯ ಸ್ಥಾನ ಕೊಡುವುದು ಬೇಡ. ಅದು ಒಂದು ವರ್ಗ ಅಲ್ಲ, ಹಲವು ಚಿಕ್ಕವುಗಳ ಗಂಟು. "ಹೆಸರಿಸಿದ ವರ್ಗಗಳಲ್ಲಿ ಎರಡನೆಯದು ಇಂಥದ್ದು" ಎಂದು ಬರೆದು, "ಸುಮಾರು ಐದನೇ ಒಂದು ಪಾಲು ಇತರೆ" ಎಂದು ಕೊನೆಯಲ್ಲಿ ಸೇರಿಸಿ.

ಆಮೇಲೆ ನಿಜವಾದ ಕೋಷ್ಟಕ ಸಿಕ್ಕಿತು. ಎಲ್ಲ ತಿದ್ದಬೇಕಾ?

ಮೊದಲು ವೃತ್ತ ಒಂದೇನಾ ನೋಡಿ. ಬಜೆಟ್ಟಿನಲ್ಲಿ ಒಂದೇ ಬಾಬ್ತಿಗೆ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಖರ್ಚು ಅಂತ ಮೂರು ಅಂಕಿ ಇರುತ್ತವೆ. ಚಾರ್ಟ್ ಒಂದರದ್ದು, ಕೋಷ್ಟಕ ಇನ್ನೊಂದರದ್ದು ಆಗಿದ್ದರೆ ತಿದ್ದಿದಷ್ಟೂ ಕೆಡುತ್ತದೆ.

ಎರಡೂ ಒಂದೇ ಆಗಿದ್ದರೆ "ಸುಮಾರು" ತೆಗೆದು ಅಂಕಿ ಹಾಕಿ, ಅಂದಾಜು ಎಂದು ಬರೆದ ಆವರಣದ ಸಾಲನ್ನು ಅಳಿಸಿ. ಯಾವುದಾದರೂ ತುಂಡು ಅಂದಾಜಿಗಿಂತ ಐದು ಭಾಗಕ್ಕೂ ಹೆಚ್ಚು ಬೇರೆ ಬಂದರೆ ಅದನ್ನು ಕಣ್ಣಿನ ತಪ್ಪು ಎಂದು ಬಿಡಬೇಡಿ. ಗಡಿಯಾರ ಹಿಡಿದು ಓದಿದವರು ಮೂರು ನಿಮಿಷ ತಪ್ಪುವುದು ಅಪರೂಪ. ಹೆಚ್ಚಾಗಿ ಎರಡು ಹೆಸರು ಅದಲುಬದಲಾಗಿರುತ್ತವೆ. ಚಾರ್ಟ್ ನೋಡಿದವರಿಗೇ ಮತ್ತೊಮ್ಮೆ ಫೋನ್ ಮಾಡಿ, ಆ ಎರಡು ತುಂಡುಗಳ ಬಗ್ಗೆ ಮಾತ್ರ ಕೇಳಿ.